ಕೇಳುತ್ತಲೇ ನುಡಿಯುವ ದುಭಾಷಿ

ಒಬ್ಬನು ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದಾನೆ. ಅವನ ಮಾತು ಮುಗಿಯುವ ಮೊದಲೇ ಇನ್ನೊಬ್ಬನು ಅದನ್ನು ಕನ್ನಡದಲ್ಲಿ ಹೇಳುತ್ತಿದ್ದಾನೆ. ಕೇಳುವುದೂ ಹೇಳುವುದೂ ಏಕಕಾಲದಲ್ಲಿ ನಡೆಯುವ ಈ ಕೆಲಸಕ್ಕೆ ಏಕಕಾಲಿಕ ಭಾಷಾಂತರವೆಂದು ಹೆಸರು. 1945ರ ನವೆಂಬರಿನಲ್ಲಿ ನ್ಯೂರೆಂಬರ್ಗಿನಲ್ಲಿ ಆರಂಭವಾದ ಯುದ್ಧಾಪರಾಧಿಗಳ ವಿಚಾರಣೆ ಈ ವಿಧಾನವನ್ನು ಲೋಕಪ್ರಸಿದ್ಧವನ್ನಾಗಿ ಮಾಡಿತು. ಅಲ್ಲಿ ನಾಲ್ಕು ಭಾಷೆಗಳು ಏಕಕಾಲಕ್ಕೆ ನಡೆಯುತ್ತಿದ್ದುವು. ಮಾತುಗಾರನ ವೇಗ ಹೆಚ್ಚಿದರೆ ಹಳದಿ ದೀಪವೂ, ಮಾತನ್ನು ನಿಲ್ಲಿಸಬೇಕಾದರೆ ಕೆಂಪು ದೀಪವೂ ಹೊತ್ತಿಕೊಳ್ಳುತ್ತಿತ್ತು.

ಆದರೆ ದುಭಾಷಿಯ ಕಷ್ಟಗಳನ್ನು ಅರಿಯಲು ಅಷ್ಟು ದೂರ ಹೋಗಬೇಕಾಗಿಲ್ಲ. ಮೈಸೂರಿನ ಒಂದು ಹೋಟೆಲನ್ನು ಊಹಿಸಿಕೊಳ್ಳೋಣ. ಕೊಠಡಿಗಳನ್ನು ಶುಚಿಮಾಡುವ ಇಪ್ಪತ್ತು ಮಂದಿ ಕೆಲಸಗಾರರಿಗೆ ತರಬೇತಿ ಕೊಡಲು ಇಂಗ್ಲೆಂಡಿನಿಂದ ಒಬ್ಬ ಶಿಕ್ಷಕರು ಬಂದಿದ್ದಾರೆ. ಪಾಠ ನಡೆಯುತ್ತಿರುವುದು ಸಭಾಂಗಣದಲ್ಲಲ್ಲ, ಸ್ನಾನಗೃಹದ ಬಾಗಿಲಲ್ಲಿ. ದುಭಾಷಿಗೆ ಗಾಜಿನ ಕೋಣೆಯಿಲ್ಲ. ಶಿಕ್ಷಕರ ಕೊರಳಿಗೆ ಒಂದು ಪುಟ್ಟ ಮೈಕು, ದುಭಾಷಿಯ ಕೈಯಲ್ಲಿ ಇನ್ನೊಂದು, ಕೆಲಸಗಾರರ ಕಿವಿಯಲ್ಲಿ ರೇಡಿಯೋ ಅಲೆಗಳಿಂದ ಮಾತನ್ನು ಹಿಡಿಯುವ ಸಣ್ಣ ಉಪಕರಣ, ಇಷ್ಟೇ ಸಲಕರಣೆ.

ಮೊದಲು ಮೈಕಿನ ವಿಷಯ. ಎದುರಿಗೇ ನಿಂತಿರುವವರ ಮಾತಿಗೆ ಮೈಕೇಕೆ ಎಂದು ವಾಚಕರು ಕೇಳಬಹುದು. ಶಬ್ದದ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ಬಾಯಿಂದ 5 ಸೆಂಟಿಮೀಟರು ದೂರದಲ್ಲಿರುವ ಮೈಕಿಗೂ 2 ಮೀಟರು ದೂರದಲ್ಲಿರುವ ದುಭಾಷಿಯ ಕಿವಿಗೂ ದೂರದಲ್ಲಿ ನಲವತ್ತು ಪಟ್ಟು ವ್ಯತ್ಯಾಸವಿದೆ. ಗೋಡೆಗಳ ಪ್ರತಿಫಲನವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ತೀವ್ರತೆಯಲ್ಲಿ ಸಾವಿರದ ಆರುನೂರು ಪಟ್ಟು. ಗಾಳಿಯನ್ನು ಹೊರದೂಡುವ ಫ್ಯಾನಿನ ಸದ್ದಾದರೋ ಎರಡು ಕಡೆಗಳಲ್ಲಿಯೂ ಹೆಚ್ಚು ಕಡಿಮೆ ಒಂದೇ ಆಗಿರುತ್ತದೆ. ಆದುದರಿಂದ ಮೈಕು ಮಾತನ್ನು ಸದ್ದಿನಿಂದ ಬೇರ್ಪಡಿಸಿಕೊಡುತ್ತದೆ. ಇದರ ಮೇಲೆ ದುಭಾಷಿಗೆ ಮತ್ತೊಂದು ಅಡ್ಡಿಯುಂಟು; ಅದು ಅವನ ಸ್ವಂತ ಧ್ವನಿ. ಅದು ಗಾಳಿಯ ಮೂಲಕ ಮಾತ್ರವಲ್ಲದೆ ತಲೆಯ ಮೂಳೆಗಳ ಮೂಲಕವೂ ಕಿವಿಯನ್ನು ಸೇರುವುದರಿಂದ ಅದನ್ನು ತಡೆಯುವಂತಿಲ್ಲ. ಅದನ್ನು ಮೀರಲು ಶಿಕ್ಷಕರ ಧ್ವನಿಯನ್ನು ಏರಿಸಿದರೆ, ಅರಿವಿಲ್ಲದೆಯೇ ಅವನ ಧ್ವನಿಯೂ ಏರುತ್ತದೆ. ನುರಿತವನು ಮಾಡುವುದು ಇದಕ್ಕೆ ವಿರುದ್ಧ: ತನ್ನ ದನಿಯನ್ನೇ ತಗ್ಗಿಸುತ್ತಾನೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಏಕಕಾಲಿಕವೆಂದರೂ ದುಭಾಷಿ ಎರಡು ಮೂರು ಸೆಕೆಂಡುಗಳಷ್ಟು ಹಿಂದೆಯೇ ನಡೆಯುತ್ತಿರುತ್ತಾನೆ. ಅರ್ಥವಾಗುವಷ್ಟು ಕೇಳಿದ ಹೊರತು ಹೇಳುವಂತಿಲ್ಲ. ನಿಮಿಷಕ್ಕೆ 120 ಪದಗಳ ವೇಗದಲ್ಲಿ ಮಾತನಾಡಿದರೆ ಸೆಕೆಂಡಿಗೆ ಎರಡು ಪದಗಳಾದುವು. ಮೂರು ಸೆಕೆಂಡು ಹಿಂದಿರುವವನ ನೆನಪಿನಲ್ಲಿ ಇನ್ನೂ ಹೇಳದಿರುವ ಆರು ಪದಗಳು ಸದಾ ಕಾಯುತ್ತಿರುತ್ತವೆ. ಕನ್ನಡಕ್ಕೆ ತರುವಾಗ ಈ ಸಾಲ ಬೇಗನೆ ಬೆಳೆಯುತ್ತದೆ. ಅದಕ್ಕೆ ಕಾರಣ ನಮ್ಮ ವಾಕ್ಯರಚನೆ.

ಶಿಕ್ಷಕರು ಕಮೋಡಿನ ಮುಂದೆ ನಿಂತು ಒಂದು ಎಚ್ಚರಿಕೆಯನ್ನು ಕೊಡುತ್ತಾರೆ. ಇಂಗ್ಲಿಷಿನಲ್ಲಿ ವಿಚಾರಗಳು ಬರುವ ಕ್ರಮ ಹೀಗಿದೆ: 'ಎಂದಿಗೂ ಬೇಡ – ಸುರಿಯುವುದು – ಈ ಆಮ್ಲವನ್ನು – ಕಮೋಡಿಗೆ – ಅದರಲ್ಲಿ ಬ್ಲೀಚು ಇನ್ನೂ ಉಳಿದಿರುವಾಗ – ಅತಿಥಿ ಕಾಯುತ್ತಿದ್ದರೂ.' ಇದು ಪೊಳ್ಳು ಎಚ್ಚರಿಕೆಯಲ್ಲ. ಬ್ಲೀಚಿನಲ್ಲಿರುವುದು ಸೋಡಿಯಂ ಹೈಪೊಕ್ಲೋರೈಟ್. ಕಮೋಡಿನ ಕಲೆ ತೆಗೆಯುವ ದ್ರವದಲ್ಲಿ ಅನೇಕ ವೇಳೆ ಇರುವುದು ಹೈಡ್ರೊಕ್ಲೋರಿಕ್ ಆಮ್ಲ. ಇವೆರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಇಕ್ಕಟ್ಟಾದ ಸ್ನಾನಗೃಹದಲ್ಲಿ ಅದು ಶ್ವಾಸಕೋಶಗಳನ್ನು ಸುಡಬಲ್ಲುದು, ಪ್ರಾಣವನ್ನೂ ತೆಗೆಯಬಲ್ಲುದು.

ಇಂಗ್ಲಿಷಿನಲ್ಲಿ ನಿಷೇಧ ವಾಕ್ಯದ ತಲೆಯಲ್ಲಿಯೇ ಇದೆ. ವ್ಯಾಕರಣಬದ್ಧವಾದ ಕನ್ನಡದಲ್ಲಿ ಅದೇ ಮಾತು 'ಅತಿಥಿ ಕಾಯುತ್ತಿದ್ದರೂ, ಬ್ಲೀಚು ಇನ್ನೂ ಉಳಿದಿರುವ ಕಮೋಡಿಗೆ ಈ ಆಮ್ಲವನ್ನು ಸುರಿಯಬಾರದು' ಎಂದಾಗುತ್ತದೆ. ಇಂಗ್ಲಿಷಿನ ಕೊನೆಯದು ಇಲ್ಲಿ ಮೊದಲು, ಅಲ್ಲಿನ ಮೊದಲನೆಯದು ಇಲ್ಲಿ ಕೊನೆಗೆ. ಮೂಲವಾಕ್ಯ ಸುಮಾರು ಇಪ್ಪತ್ತು ಪದಗಳದು. ಹತ್ತು ಸೆಕೆಂಡು ಹಿಡಿಯುತ್ತದೆ. ಅದು ಪೂರ್ತಿಯಾಗುವವರೆಗೆ ಕಾದು ಕುಳಿತರೆ, ದುಭಾಷಿ ಬಾಯಿ ತೆರೆಯುವ ಹೊತ್ತಿಗೆ ಮುಂದಿನ ವಾಕ್ಯ ಬಂದುಬಿಟ್ಟಿರುತ್ತದೆ. ಅದನ್ನು ಹಿಡಿಯುವ ಆತುರದಲ್ಲಿ ಅವನು ಯಾವುದನ್ನು ನುಂಗುತ್ತಾನೆ? ಸಹಜವಾಗಿ ವಾಕ್ಯದ ಬಾಲವನ್ನು. ಆ ಬಾಲದಲ್ಲಿಯೇ 'ಬಾರದು' ಎಂಬುದು ಅಡಗಿದೆ. 'ಕಮೋಡಿಗೆ ಈ ಆಮ್ಲವನ್ನು ಸುರಿಯ...' ಎಂಬಲ್ಲಿ ದನಿ ಕುಗ್ಗಿತೆಂದರೆ, ಕೇಳಿದವಳು ಅದನ್ನು 'ಸುರಿಯಬೇಕು' ಎಂದು ಪೂರ್ತಿಮಾಡಿಕೊಳ್ಳುವುದು ಅಸಂಭವವೇನಲ್ಲ.

ಇದಕ್ಕೆ ಪರಿಹಾರವೆಂದರೆ ವಾಕ್ಯವನ್ನು ತುಂಡರಿಸುವುದು. 'ಎಂದಿಗೂ' ಕೇಳಿದೊಡನೆ ದುಭಾಷಿ 'ಎಚ್ಚರಿಕೆ' ಎನ್ನುತ್ತಾನೆ. ಏಳು ಪದಗಳು, ಎಂದರೆ ಮೂರೂವರೆ ಸೆಕೆಂಡು, ಆಗುವಷ್ಟರಲ್ಲಿ ಕ್ರಿಯೆಯೂ ವಸ್ತುವೂ ಗೊತ್ತಾಗಿರುತ್ತವೆ. 'ಈ ಆಮ್ಲವನ್ನು ಕಮೋಡಿಗೆ ಸುರಿಯಬೇಡಿ' ಎಂದು ಮುಗಿಸಿಬಿಡುತ್ತಾನೆ. ಬಳಿಕ 'ಯಾವಾಗ? ಬ್ಲೀಚು ಇನ್ನೂ ಅಲ್ಲಿರುವಾಗ.' ಕೊನೆಗೆ 'ಅತಿಥಿ ಕಾಯುತ್ತಿದ್ದರೂ ಸುರಿಯಬೇಡಿ.' ಇದು ಸೊಗಸಾದ ಗದ್ಯವಲ್ಲದಿರಬಹುದು. ಆದರೆ ನಿಷೇಧ ಮೊದಲೇ ಬಂದಿತು, ಎರಡು ಬಾರಿ ಬಂದಿತು.

ಎರಡನೆಯ ತೊಡಕು ಸಂಖ್ಯೆಗಳದು. ಮಾತಿನ ಉಳಿದ ಭಾಗವನ್ನು ಸಂದರ್ಭದಿಂದ ಊಹಿಸಬಹುದು, ಸಂಖ್ಯೆಯನ್ನು ಊಹಿಸಲಾಗದು. ಇಂಗ್ಲಿಷಿನ 'ಫಿಫ್ಟೀನ್', 'ಫಿಫ್ಟಿ' ಎಂಬ ಪದಗಳು ಫ್ಯಾನಿನ ಸದ್ದಿನಲ್ಲಿ ಒಂದೇ ಆಗಿ ಕೇಳಬಲ್ಲವು. ಶಿಕ್ಷಕರು ಹೇಳಿದುದು ಒಂದು ಭಾಗ ದ್ರವಕ್ಕೆ ಐವತ್ತು ಭಾಗ ನೀರು ಎಂದಿಟ್ಟುಕೊಳ್ಳೋಣ. ಒಂದು ಲೀಟರು ನೀರಿಗೆ 20 ಮಿಲಿಲೀಟರು ಸಾಕು. ಹದಿನೈದೆಂದು ಕೇಳಿದರೆ 67 ಮಿಲಿಲೀಟರು ಹಾಕಬೇಕಾಗುತ್ತದೆ; ಮೂರು ಪಟ್ಟಿಗೂ ಮಿಗಿಲಾದ ಈ ದ್ರಾವಣ ದಿನವೆಲ್ಲ ಅದರಲ್ಲಿ ಅದ್ದುವ ಕೈಗಳಿಗೆ ಹಿತವಲ್ಲ. ಆದುದರಿಂದ ದುಭಾಷಿ ಸಂಖ್ಯೆ ಬಂದೊಡನೆ ಉಳಿದುದನ್ನು ಬಿಟ್ಟು ಅದನ್ನೇ ಮೊದಲು ಹೇಳುತ್ತಾನೆ, ಇಲ್ಲವೆ ಬರೆದುಕೊಳ್ಳುತ್ತಾನೆ. ಪಾಠದ ಹಿಂದಿನ ದಿನವೇ ಅಳತೆಗಳ ಪಟ್ಟಿಯನ್ನು ಕೇಳಿ ಪಡೆದಿದ್ದರೆ ಇನ್ನೂ ಒಳ್ಳೆಯದು.

ಮೂರನೆಯದು ಪ್ರಾತ್ಯಕ್ಷಿಕೆಗೆ ಮಾತ್ರ ವಿಶಿಷ್ಟವಾದುದು. ಶಿಕ್ಷಕರು ಹಸಿರು ಬಾಟಲಿಯನ್ನು ಎತ್ತಿ 'ಇದು ಮೊದಲು' ಎನ್ನುತ್ತಾರೆ. ಅದನ್ನಿಟ್ಟು ನೀಲಿಯದನ್ನು ಎತ್ತಿ 'ಇದು ಅನಂತರ' ಎನ್ನುತ್ತಾರೆ. ಕನ್ನಡದ 'ಇದು ಮೊದಲು' ಮೂರು ಸೆಕೆಂಡು ತಡವಾಗಿ ಕಿವಿಗೆ ಬೀಳುವಾಗ ಕಣ್ಣ ಮುಂದಿರುವುದು ನೀಲಿ ಬಾಟಲಿ! ಭಾಷಾಂತರದಲ್ಲಿ ಒಂದು ಪದವೂ ತಪ್ಪಿಲ್ಲ, ಆದರೆ ಪಾಠ ತಲೆಕೆಳಗಾಯಿತು. ಕಣ್ಣಿಗೆ ವಿಳಂಬವಿಲ್ಲ, ಕಿವಿಗೆ ಇದೆ; ದೋಷದ ಮೂಲ ಅಷ್ಟೇ. ಬಲ್ಲ ದುಭಾಷಿ 'ಇದು', 'ಅದು' ಎಂಬ ಪದಗಳನ್ನು ಬಳಸುವುದೇ ಇಲ್ಲ. 'ಹಸಿರು ಬಾಟಲಿ ಮೊದಲು' ಎಂದು ಹೆಸರಿಟ್ಟು ಹೇಳುತ್ತಾನೆ. ಕೈಯಲ್ಲಿರುವ ವಸ್ತುವನ್ನು ಕೂಡಲೇ ಕೆಳಗಿಡದೆ, ಮೂರರವರೆಗೆ ಮನಸ್ಸಿನಲ್ಲಿಯೇ ಎಣಿಸಬೇಕೆಂದು ಶಿಕ್ಷಕರಿಗೂ ಮೊದಲೇ ತಿಳಿಸಿರುತ್ತಾನೆ.

ಈ ದುಡಿಮೆ ಮನಸ್ಸನ್ನು ಬಹು ಬೇಗ ದಣಿಸುತ್ತದೆ. ಅದಕ್ಕಾಗಿಯೇ ಸಭೆಗಳಲ್ಲಿ ಇಬ್ಬರು ದುಭಾಷಿಗಳು ಇಪ್ಪತ್ತು ಮೂವತ್ತು ನಿಮಿಷಗಳಿಗೊಮ್ಮೆ ಸರದಿಯನ್ನು ಬದಲಾಯಿಸುತ್ತಾರೆ. ಹೋಟೆಲುಗಳವರು ಹಣ ಉಳಿಸಲೆಂದು ಒಬ್ಬನನ್ನೇ ಕರೆಸಿದಲ್ಲಿ, ಅರ್ಧ ಗಂಟೆಗೊಮ್ಮೆ ಮಾತನ್ನು ನಿಲ್ಲಿಸಿ ಕೈಕೆಲಸ ಮಾಡಿಸುವುದೇ ಉಚಿತ. ದಣಿದ ದುಭಾಷಿಗೆ ತನ್ನ ತಪ್ಪು ತನಗೇ ಕೇಳಿಸದೆ ಹೋಗುತ್ತದೆ.

ಹಾಗಾದರೆ ತಪ್ಪನ್ನು ಕಂಡುಹಿಡಿಯುವುದು ಹೇಗೆ? 'ಅರ್ಥವಾಯಿತೆ?' ಎಂದು ಕೇಳಿದರೆ ಇಪ್ಪತ್ತು ತಲೆಗಳೂ ಒಟ್ಟಿಗೆ ಆಡುತ್ತವೆ. ಅದರಿಂದ ಏನೂ ತಿಳಿಯದು. ಒಬ್ಬ ಕೆಲಸಗಾರಳನ್ನು ಮುಂದಕ್ಕೆ ಕರೆದು, 'ಅಕ್ಕಾ, ಈಗ ನೀವು ಮಾಡಿ ತೋರಿಸಿ' ಎನ್ನಬೇಕು. ಅವಳು ಯಾವ ಬಾಟಲಿಯನ್ನು ಮೊದಲು ಎತ್ತುತ್ತಾಳೆ, ಎರಡನೆಯದನ್ನು ಎತ್ತುವ ಮೊದಲು ನೀರು ಹೊಯ್ದು ತೊಳೆಯುತ್ತಾಳೆಯೇ, ಅಳತೆಯ ಲೋಟವನ್ನು ಯಾವ ಗೆರೆಯವರೆಗೆ ತುಂಬುತ್ತಾಳೆ ಎಂಬುದನ್ನು ನೋಡಿದರೆ ಸಾಕು. ಯಾವ ಪದ ದಾರಿಯಲ್ಲಿ ಕಳೆದುಹೋಯಿತೆಂಬುದು ಅವಳ ಕೈಗಳಲ್ಲಿ ಕಾಣುತ್ತದೆ.