ಮಧುಮೇಹಿಗಳಿಗೆ ವಿಮೆ: ಕಂತಿನ ಲೆಕ್ಕ

ಭಟ್ಕಳ, ಹೊನ್ನಾವರ, ಕುಮಟೆಗಳ ವರ್ತಕರಲ್ಲಿಯೂ ನೌಕರರಲ್ಲಿಯೂ ಮಧುಮೇಹ, ರಕ್ತದೊತ್ತಡಗಳಿಗೆ ನಿತ್ಯ ಮಾತ್ರೆ ನುಂಗುವವರು ಹಲವರುಂಟು. ರೋಗ ಉಲ್ಬಣಿಸಿದಾಗ ಇವರು ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕಾಗುವುದರಿಂದ ಆಸ್ಪತ್ರೆಯ ವೆಚ್ಚದ ವಿಮೆಯನ್ನು ಮಾಡಿಸುವುದು ಯುಕ್ತವೇ. ಆದರೆ ಸಾಧಾರಣ ವಿಮೆಯೋ, ಮಧುಮೇಹಿಗಳಿಗೆಂದೇ ರಚಿತವಾದ ವಿಶೇಷ ವಿಮೆಯೋ ಎಂಬ ಪ್ರಶ್ನೆಗೆ ಏಜಂಟರ ಮಾತಿಗಿಂತ ಕರಾರುಪತ್ರದಲ್ಲಿಯೇ ಉತ್ತರ ಹುಡುಕತಕ್ಕದ್ದು.

ಸಾಧಾರಣ ವಿಮೆಯಲ್ಲಿ ಮೊದಲೇ ಇದ್ದ ರೋಗಕ್ಕೆ ಕಾಯುವ ಅವಧಿಯೊಂದುಂಟು. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಇದರ ಮಿತಿಯನ್ನು 48 ತಿಂಗಳಿಂದ 36ಕ್ಕೆ ಇಳಿಸಿತು. ವಿಶೇಷ ವಿಮೆಗಳಲ್ಲಿ ಈ ಅವಧಿ ಬಹಳ ಕಡಿಮೆ. ವೈದ್ಯಪರೀಕ್ಷೆ ಮಾಡಿಸಿಕೊಂಡವರಿಗೆ ಕೆಲವು ಮೊದಲ ದಿನದಿಂದಲೇ ರಕ್ಷಣೆ ಕೊಡುತ್ತವೆ. ಕಂತು ಮಾತ್ರ ಹೆಚ್ಚು.

ಉದಾಹರಣೆಗೆ, ಹೊನ್ನಾವರದ ಐವತ್ತೆರಡು ವಯಸ್ಸಿನ ಅಂಗಡಿಕಾರರೊಬ್ಬರಿಗೆ ಆರು ವರ್ಷದ ಮಧುಮೇಹವಿದೆ. ಸಾಧಾರಣ ವಿಮೆಯ ಕಂತು ವರ್ಷಕ್ಕೆ 20,000, ವಿಶೇಷದ್ದು 30,000 ರೂಪಾಯಿ ಎಂದು ಊಹಿಸೋಣ. ಎರಡನೆಯ ವರ್ಷ ಕಾಲಿನ ಹುಣ್ಣು ಕೊಳೆತು, ಶಸ್ತ್ರಕ್ರಿಯೆಯಾಗಿ, 1,80,000 ರೂಪಾಯಿ ಬಿಲ್ಲಾಯಿತು. ಹುಣ್ಣು ಮಧುಮೇಹದ ಪರಿಣಾಮವೆಂದು ವೈದ್ಯರು ಬರೆದಿರುವುದರಿಂದ, 36 ತಿಂಗಳ ಕರಾರಿನ ಸಾಧಾರಣ ವಿಮೆ ಏನನ್ನೂ ಕೊಡದು; ವಿಶೇಷ ವಿಮೆ ತನ್ನ ಮಿತಿಗೊಳಪಟ್ಟು ಕೊಡುವುದು. ಇವರು ಮೂರು ವರ್ಷಕ್ಕೆ ಹೆಚ್ಚಾಗಿ ತೆರುವ 30,000 ರೂಪಾಯಿ ಆ ಮೂರು ವರ್ಷಗಳ ಭಯದ ಬೆಲೆ. ಸಾಧಾರಣ ವಿಮೆಯಲ್ಲಿ ಮೂರು ವರ್ಷ ಈಗಾಗಲೇ ಕಳೆದವರಿಗೆ ಈ ಭಯವಿಲ್ಲ. ಅವರು ವಿಶೇಷಕ್ಕೆ ಹಾರುವುದು ಬಹುಮಟ್ಟಿಗೆ ನಿಷ್ಪ್ರಯೋಜಕ.

ರೋಗನಿರ್ವಹಣೆಯ ಸೌಲಭ್ಯವೆಂದು ಹೇಳುವ ಮಾತೂ ಪರೀಕ್ಷಾರ್ಹ. ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ರಕ್ತಪರೀಕ್ಷೆ, ಮೂತ್ರಪಿಂಡದ ಪರೀಕ್ಷೆ, ವೈದ್ಯರ ಸಲಹೆ ಇವು ಉಪಯುಕ್ತವೇ ಸರಿ. ಆದರೆ ಇವು ದೊರೆಯುವುದು ಹೆಚ್ಚಾಗಿ ಕಂಪನಿಯೊಡನೆ ಒಪ್ಪಂದವಿರುವ ಪ್ರಯೋಗಾಲಯದಲ್ಲಿ. ಅದು ಕುಮಟೆಯಲ್ಲಿಲ್ಲದೆ ಮಂಗಳೂರಿನಲ್ಲಿದ್ದರೆ, ಪುಕ್ಕಟೆ ಪರೀಕ್ಷೆಗೆ ಪ್ರಯಾಣದ ಖರ್ಚೇ ಮಿಗಿಲಾದೀತು. ನಿತ್ಯದ ಮಾತ್ರೆಗಳ ವೆಚ್ಚವು ಸಾಧಾರಣ ವಿಮೆಯಲ್ಲಿ ಸೇರುವುದಿಲ್ಲ. ವಿಶೇಷದಲ್ಲಿಯೂ ಸೇರಿದೆಯೆಂದು ಓದದೆ ನಂಬಬಾರದು. ಜನೌಷಧಿ ಅಂಗಡಿ ಹತ್ತಿರವಿರುವವರಿಗೆ ಆ ಭಾರ ಅಷ್ಟಾಗಿ ಇರದು.

ಕಂತು ಉಳಿಸಲೆಂದು ರೋಗವನ್ನು ಮುಚ್ಚಿಡುವ ಚಪಲವು ನಮ್ಮಲ್ಲಿ ಇದೆ. ಆಸ್ಪತ್ರೆಗೆ ಸೇರಿದೊಡನೆ ವೈದ್ಯರು ಕೇಳಿದರೆ ‘ಆರು ವರ್ಷದಿಂದ ಸಕ್ಕರೆ’ ಎಂದು ರೋಗಿಯೇ ಹೇಳುತ್ತಾನೆ, ಅದು ದಾಖಲೆಗೇರುತ್ತದೆ, ಕಂಪನಿ ಅದನ್ನೇ ಓದಿ ಹಣ ನಿರಾಕರಿಸುತ್ತದೆ. ಎಡೆಬಿಡದೆ 60 ತಿಂಗಳು ಕಂತು ಕಟ್ಟಿದ ಮೇಲೆ, ವಂಚನೆ ಸಿದ್ಧವಾದ ಹೊರತು, ಇಂಥ ಆಕ್ಷೇಪಕ್ಕೆ ಅವಕಾಶವಿಲ್ಲವೆಂಬುದು 2024ರ ನಿಯಮ. ಆದರೆ ಕಾಲಿನ ಹುಣ್ಣು ಐದು ವರ್ಷ ಕಾದು ಬರುವುದಿಲ್ಲ. ಅರ್ಜಿಯಲ್ಲಿ ರೋಗದ ಹೆಸರನ್ನೂ, ಆರಂಭದ ವರ್ಷವನ್ನೂ, ಸೇವಿಸುವ ಔಷಧವನ್ನೂ ಬರೆದು, ಪ್ರತಿಯೊಂದನ್ನು ತಮ್ಮಲ್ಲಿ ಇಟ್ಟುಕೊಳ್ಳುವುದು ಒಳಿತು.