ಎಂಟು ಊರು, ಹದಿನಾಲ್ಕು ಭಾನುವಾರ

ಕುವೆಂಪು ವಿಶ್ವವಿದ್ಯಾನಿಲಯದ ಜ್ಞಾನಸಹ್ಯಾದ್ರಿ ಇರುವ ಶಂಕರಘಟ್ಟದ ಸುತ್ತಮುತ್ತ ಊರಿಗೊಂದು ಕಬಡ್ಡಿ ತಂಡ ಕಟ್ಟುವುದು ಕಷ್ಟವಲ್ಲ. ಎಂಟು ತಂಡಗಳು ಸೇರಿ ಒಂದು ಲೀಗ್ ನಡೆಸಲು ಹೊರಟಿವೆ ಎಂದಿಟ್ಟುಕೊಳ್ಳಿ. ಶಂಕರಘಟ್ಟ, ಪಕ್ಕದ ಬಿ.ಆರ್. ಪ್ರಾಜೆಕ್ಟ್, ಲಕ್ಕವಳ್ಳಿ, ಭದ್ರಾವತಿ, ಶಿವಮೊಗ್ಗ, ತರೀಕೆರೆ, ಹೊಳೆಹೊನ್ನೂರು ಮತ್ತು ಚನ್ನಗಿರಿ. ಪ್ರತಿ ತಂಡವೂ ಉಳಿದ ಏಳರೊಡನೆ ಎರಡೆರಡು ಸಲ ಆಡಬೇಕು, ಒಮ್ಮೆ ತನ್ನೂರಲ್ಲಿ, ಒಮ್ಮೆ ಎದುರಾಳಿಯ ಊರಲ್ಲಿ. ಲೆಕ್ಕ ಸುಲಭ. ತಂಡವೊಂದಕ್ಕೆ 14 ಪಂದ್ಯ, ಒಟ್ಟು 56. ಭಾನುವಾರಕ್ಕೆ ನಾಲ್ಕು ಪಂದ್ಯವೆಂದರೆ 14 ಭಾನುವಾರ ಸಾಕು. ಮಳೆಗಾಲ ಕಳೆದು ನವೆಂಬರ್ ಮೊದಲ ಭಾನುವಾರ ಆರಂಭಿಸಿದರೆ ಜನವರಿ ಕೊನೆಗೋ ಫೆಬ್ರವರಿ ಮೊದಲ ವಾರಕ್ಕೋ ಮುಗಿಯುತ್ತದೆ. ಮಕ್ಕಳು ಪರೀಕ್ಷೆಗೆ ಓದಿಕೊಳ್ಳಲು ಪುಸ್ತಕ ಹಿಡಿಯಬಹುದು.

ಇದೇ ಲೆಕ್ಕವನ್ನು ನಾವೆಲ್ಲ ದೂರದರ್ಶಕದಲ್ಲಿ ನೋಡಿದ್ದೇವೆ. 2008ರ ಏಪ್ರಿಲ್ 18ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೆಂಗಳೂರು ಮತ್ತು ಕೋಲ್ಕತ್ತ ತಂಡಗಳ ಪಂದ್ಯದೊಂದಿಗೆ ಆರಂಭವಾದ ಮೊದಲ ಐಪಿಎಲ್‌ನಲ್ಲೂ ತಂಡಗಳು ಎಂಟು, ಲೀಗ್ ಹಂತದ ಪಂದ್ಯಗಳು 56. 2014ರ ಮೊದಲ ಪ್ರೊ ಕಬಡ್ಡಿಯಲ್ಲೂ ಎಂಟೇ ತಂಡ. ದುಡ್ಡಿರುವ ದೊಡ್ಡ ಲೀಗ್‌ಗಳ ವೇಳಾಪಟ್ಟಿಯನ್ನು ಗಣಕಯಂತ್ರಗಳು ಸಿದ್ಧಪಡಿಸುತ್ತವೆ. ನಮ್ಮ ಊರಿನ ಲೀಗ್‌ಗೆ ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ಆದರೆ ಮನಸ್ಸಿಗೆ ಬಂದಂತೆ ಬರೆಯುತ್ತ ಹೋದರೆ ಸಾಗದು. ಏಕೆಂದು ನೋಡೋಣ.

ಕಾರ್ಯದರ್ಶಿಗಳು ಸಾಮಾನ್ಯವಾಗಿ ಮಾಡುವ ಯೋಚನೆ ಹೀಗಿರುತ್ತದೆ: “ಶಂಕರಘಟ್ಟ, ಬಿ.ಆರ್. ಪ್ರಾಜೆಕ್ಟ್, ಲಕ್ಕವಳ್ಳಿ ಹತ್ತಿರ ಹತ್ತಿರದವು. ಇವು ತಮ್ಮತಮ್ಮಲ್ಲಿ ಯಾವಾಗ ಬೇಕಾದರೂ ಆಡಿಕೊಳ್ಳಲಿ. ಮೊದಲು ದೂರದವರೊಡನೆ ಆಡಿ ಮುಗಿಸೋಣ.” ಕೇಳಲು ಎಷ್ಟು ಸಮಂಜಸ! ಮೊದಲ ಐದು ಭಾನುವಾರ ಯಾವ ತೊಡಕೂ ಬರುವುದಿಲ್ಲ. ವಾರಕ್ಕೆ ನಾಲ್ಕರಂತೆ 20 ಪಂದ್ಯ ಮುಗಿದು, ಹತ್ತಿರದ ಮೂರೂ ತಂಡಗಳು ದೂರದ ಐದೂ ತಂಡಗಳೊಡನೆ ಆಡಿ ಆಗಿರುತ್ತದೆ. ಮೊದಲ ಸುತ್ತಿಗೆ ಇನ್ನು ಎಂಟು ಪಂದ್ಯ ಬಾಕಿ. ಎರಡು ಭಾನುವಾರ ಸಾಕಲ್ಲವೆ?

ಸಾಲದು. ಹತ್ತಿರದ ಮೂರಕ್ಕೆ ಈಗ ತಮ್ಮತಮ್ಮಲ್ಲಿ ಆಡುವುದಷ್ಟೇ ಉಳಿದಿದೆ. ಮೂವರಲ್ಲಿ ಇಬ್ಬರು ಆಡಿದರೆ ಒಬ್ಬರು ಸುಮ್ಮನೆ ಕೂರಬೇಕು. ದೂರದ ಐದರದ್ದೂ ಅದೇ ಪಾಡು: ನಾಲ್ಕು ತಂಡ ಆಡಿದರೆ ಐದನೆಯದಕ್ಕೆ ಎದುರಾಳಿಯೇ ಇಲ್ಲ. ವಾರಕ್ಕೆ ಮೂರೇ ಪಂದ್ಯ ಸಾಧ್ಯವಾಗುವುದರಿಂದ ಎಂಟು ಪಂದ್ಯಕ್ಕೆ ಮೂರು ಭಾನುವಾರ ಬೇಕು. ಎರಡನೆಯ ಸುತ್ತನ್ನೂ ಹೀಗೆಯೇ ನಡೆಸಿದರೆ 14ರ ಬದಲು 16 ಭಾನುವಾರ. ತೊಡಕು ಹುಟ್ಟಿದ್ದು ಮೊದಲ ವಾರದ ನಿರ್ಧಾರದಲ್ಲಿ, ಕಣ್ಣಿಗೆ ಬಿದ್ದದ್ದು ಆರನೆಯ ವಾರದಲ್ಲಿ. ಬಾಕಿ ಪಂದ್ಯಗಳನ್ನು ಗೆರೆ ಎಳೆದು ಜೋಡಿಸಿದಾಗ ಮೂರು ಅಥವಾ ಐದು ತಂಡಗಳು ತಮ್ಮಲ್ಲೇ ಒಂದು ಗುಂಪಾಗಿ ಬೇರೆ ನಿಂತುಬಿಟ್ಟರೆ ಪಟ್ಟಿ ಕೆಟ್ಟಿತೆಂದು ತಿಳಿಯಿರಿ.

ಇದನ್ನು ತಪ್ಪಿಸುವ ಉಪಾಯ ಹಳೆಯದು, ಮಕ್ಕಳಿಗೆ ಆಟದಂತೆಯೇ ಕಾಣುತ್ತದೆ. ಏಳು ಹುಡುಗರನ್ನು ವೃತ್ತಾಕಾರವಾಗಿ ಕೂರಿಸಿ 1ರಿಂದ 7ರವರೆಗೆ ಸಂಖ್ಯೆ ಕೊಡಿ. ಎಂಟನೆಯವನು ನಡುವೆ ನಿಲ್ಲಲಿ. ಮೊದಲ ಭಾನುವಾರ ಅವನು 1ರ ಕಡೆ ಮುಖ ಮಾಡುತ್ತಾನೆ. 8 ಮತ್ತು 1 ಆಡುತ್ತವೆ. 1ರ ಅಕ್ಕಪಕ್ಕದ 2 ಮತ್ತು 7 ಒಂದು ಜೋಡಿ. ಅವರಾಚೆಯ 3 ಮತ್ತು 6 ಇನ್ನೊಂದು, 4 ಮತ್ತು 5 ಮತ್ತೊಂದು. ಎರಡನೆಯ ಭಾನುವಾರ ನಡುವಿನವನು 2ರ ಕಡೆ ತಿರುಗುತ್ತಾನೆ. ಈಗ 2ರ ಅಕ್ಕಪಕ್ಕದ 3 ಮತ್ತು 1 ಜೋಡಿ, ಹೀಗೆಯೇ ಮುಂದಕ್ಕೆ. ಏಳು ಸಲ ತಿರುಗುವ ಹೊತ್ತಿಗೆ ಎಲ್ಲರೂ ಎಲ್ಲರೊಡನೆ ಒಮ್ಮೆ ಆಡಿರುತ್ತಾರೆ. ಕಾರಣವೂ ಸರಳ. ಏಳು ಬೆಸಸಂಖ್ಯೆಯಾದ್ದರಿಂದ ವೃತ್ತದಲ್ಲಿ ಯಾವ ಇಬ್ಬರನ್ನು ತೆಗೆದುಕೊಂಡರೂ ಇಬ್ಬರಿಂದಲೂ ಸಮದೂರದಲ್ಲಿ ಕುಳಿತ ಹುಡುಗ ಒಬ್ಬನೇ ಒಬ್ಬ ಇರುತ್ತಾನೆ. ನಡುವಿನವನು ಆ ಹುಡುಗನತ್ತ ತಿರುಗಿದ ವಾರವೇ ಈ ಇಬ್ಬರ ಪಂದ್ಯ.

ಯಾರೊಡನೆ ಯಾರು ಎಂಬುದು ಇಷ್ಟಕ್ಕೆ ಬಗೆಹರಿಯಿತು. ನಿಜವಾದ ಜಗಳ ಎಲ್ಲಿ ಆಡುವುದು ಎಂಬುದರಲ್ಲಿದೆ. ಒಂದು ವಾರ ತವರು, ಮರುವಾರ ಪರಊರು ಎಂದು ಸರದಿ ಬದಲಾದರೆ ಎಲ್ಲರಿಗೂ ಸಮಾಧಾನ. ಹನ್ನೆರಡು ಹುಡುಗರಿಗೆ ಬಸ್ ಚಾರ್ಜು ಹೊಂದಿಸುವವರನ್ನು ಕೇಳಿ ನೋಡಿ, ಸಾಲಾಗಿ ಮೂರು ವಾರ ಪರಊರಿಗೆ ಹೋಗಬೇಕೆಂದರೆ ಏನು ಹೇಳುತ್ತಾರೆಂದು! ಆದರೆ ಎಂಟೂ ತಂಡಗಳಿಗೆ ಒಮ್ಮೆಯೂ ಸರದಿ ತಪ್ಪದಂತೆ ಪಟ್ಟಿ ಮಾಡಲು ಯಾರಿಂದಲೂ ಸಾಧ್ಯವಿಲ್ಲ. ಇದನ್ನು ಹೈಸ್ಕೂಲು ವಿದ್ಯಾರ್ಥಿಯೂ ಸಾಧಿಸಿ ತೋರಿಸಬಹುದು.

ಸರದಿ ತಪ್ಪದ ಕ್ರಮಗಳು ಎರಡೇ: ತವರಿನಿಂದ ಆರಂಭವಾಗುವುದೊಂದು, ಪರಊರಿನಿಂದ ಆರಂಭವಾಗುವುದೊಂದು. ಎರಡು ತಂಡಗಳಿಗೆ ಒಂದೇ ಕ್ರಮ ಕೊಟ್ಟರೆ ಅವು ಪ್ರತಿ ವಾರವೂ ಒಟ್ಟಿಗೇ ತವರಿನಲ್ಲಿ ಅಥವಾ ಒಟ್ಟಿಗೇ ಪರಊರಿನಲ್ಲಿ ಇರುತ್ತವೆ. ಹಾಗಿದ್ದರೆ ಅವು ಪರಸ್ಪರ ಆಡುವುದೆಂದು? ಒಂದು ಪಂದ್ಯಕ್ಕೆ ಒಬ್ಬರು ಅತಿಥೇಯರು, ಒಬ್ಬರು ಅತಿಥಿಗಳು ಬೇಕಷ್ಟೆ. ಆದ್ದರಿಂದ ಎಂಟೂ ತಂಡಗಳ ಕ್ರಮ ಬೇರೆಬೇರೆಯಾಗಿರಲೇಬೇಕು. ಎರಡು ತಂಡಗಳಿಗೆ ಮಾತ್ರ ಸರದಿ ತಪ್ಪದು. ಉಳಿದ ಆರಕ್ಕೆ ಏಳು ವಾರದೊಳಗೆ ಕನಿಷ್ಠ ಒಂದೊಂದು ಸಲ ತಪ್ಪಲೇಬೇಕು. ಅಂದರೆ ಒಟ್ಟು ಆರು ತಪ್ಪು ಅನಿವಾರ್ಯ. ಕ್ರೀಡಾ ವೇಳಾಪಟ್ಟಿಗಳ ಈ ಗಣಿತವನ್ನು ವಿಸ್ತಾರವಾಗಿ ಬೆಳೆಸಿದವರು ಸ್ವಿಟ್ಜರ್ಲೆಂಡಿನ ದೊಮಿನಿಕ್ ದ ವೆರಾ, 1980ರ ದಶಕದ ಆರಂಭದಲ್ಲಿ.

ಆರಕ್ಕಿಂತ ಹೆಚ್ಚು ತಪ್ಪದಂತೆ ಮಾಡುವ ನಿಯಮ ನಮ್ಮ ವೃತ್ತದಲ್ಲೇ ಅಡಗಿದೆ. ನಡುವಿನ 8 ಬೆಸ ವಾರಗಳಲ್ಲಿ ಪರಊರಿಗೆ ಹೋಗಲಿ, ಸಮ ವಾರಗಳಲ್ಲಿ ತವರಿನಲ್ಲಿರಲಿ. ಅದು ಮುಖ ಮಾಡಿದವನ ಅಕ್ಕಪಕ್ಕದ ಮೊದಲ ಜೋಡಿಯಲ್ಲಿ ಮುಂದಿನವನ ಊರಲ್ಲಿ ಆಟ, ಎರಡನೆಯ ಜೋಡಿಯಲ್ಲಿ ಹಿಂದಿನವನ ಊರಲ್ಲಿ, ಮೂರನೆಯದರಲ್ಲಿ ಮತ್ತೆ ಮುಂದಿನವನ ಊರಲ್ಲಿ. (ಸಂಖ್ಯೆ ಏರುವ ದಿಕ್ಕೇ ಮುಂದೆ, 7 ಆದ ಮೇಲೆ 1.) ಹೀಗೆ ಬರೆದ ಪಟ್ಟಿ ಇಲ್ಲಿದೆ. ಮೊದಲು ಬರೆದಿರುವುದು ಅತಿಥೇಯ ತಂಡ.

1ನೇ ವಾರ: 1–8, 2–7, 6–3, 4–5
2ನೇ ವಾರ: 8–2, 3–1, 7–4, 5–6
3ನೇ ವಾರ: 3–8, 4–2, 1–5, 6–7
4ನೇ ವಾರ: 8–4, 5–3, 2–6, 7–1
5ನೇ ವಾರ: 5–8, 6–4, 3–7, 1–2
6ನೇ ವಾರ: 8–6, 7–5, 4–1, 2–3
7ನೇ ವಾರ: 7–8, 1–6, 5–2, 3–4

ಸಂಖ್ಯೆಗಳಿಗೆ ಊರುಗಳನ್ನು ಇನ್ನೂ ಅಂಟಿಸಿಲ್ಲ, ಗಮನಿಸಿ. ಅದನ್ನು ಕೊನೆಯವರೆಗೂ ಉಳಿಸಿಕೊಳ್ಳುವುದೇ ಜಾಣತನ. ಶಂಕರಘಟ್ಟ ಮತ್ತು ಬಿ.ಆರ್. ಪ್ರಾಜೆಕ್ಟ್ ತಂಡಗಳಿಗೆ ಇರುವುದು ಒಂದೇ ಮೈದಾನ ಎಂದುಕೊಳ್ಳೋಣ. ಎರಡೂ ಒಂದೇ ದಿನ ಅತಿಥೇಯರಾಗುವಂತಿಲ್ಲ. ಪಟ್ಟಿಯಲ್ಲಿ 1 ತವರಿನಲ್ಲಿದ್ದಾಗಲೆಲ್ಲ 8 ಪರಊರಿನಲ್ಲಿದೆ. 2 ಮತ್ತು 3, 4 ಮತ್ತು 5, 6 ಮತ್ತು 7 ಸಹ ಹೀಗೆಯೇ ಜೋಡಿಗಳು. ಆದ್ದರಿಂದ ಶಂಕರಘಟ್ಟಕ್ಕೆ 1, ಬಿ.ಆರ್. ಪ್ರಾಜೆಕ್ಟಿಗೆ 8 ಕೊಟ್ಟರೆ ಆಯಿತು. ತರೀಕೆರೆಯವರು ನಾಲ್ಕನೆಯ ಭಾನುವಾರ ನಮ್ಮ ಮೈದಾನ ಸಿಗದು ಎನ್ನುತ್ತಾರೆಯೆ? ಆ ವಾರ ಪರಊರಿನಲ್ಲಿರುವ 4ನ್ನು ಅವರಿಗೆ ಕೊಡಿ. ಇನ್ನು ಭದ್ರಾವತಿಗೆ 2, ಶಿವಮೊಗ್ಗಕ್ಕೆ 3, ಲಕ್ಕವಳ್ಳಿಗೆ 5, ಹೊಳೆಹೊನ್ನೂರಿಗೆ 6, ಚನ್ನಗಿರಿಗೆ 7 ಎಂದಿರಲಿ. ಬೇಡಿಕೆಯಿಲ್ಲದ ಊರುಗಳ ನಡುವೆ ಚೀಟಿ ಎತ್ತಿದರೂ ಆದೀತು.

ಈಗ ಎರಡನೆಯ ಸುತ್ತು. ಎಲ್ಲರೂ ಮಾಡುವುದು ಇದೇ ಪಟ್ಟಿಯನ್ನು ಊರು ಅದಲುಬದಲು ಮಾಡಿ ಮತ್ತೆ ಬರೆಯುವುದು. 8ನೇ ವಾರಕ್ಕೆ 1ನೇ ವಾರದ ಪಂದ್ಯಗಳು, 9ಕ್ಕೆ 2ರವು. ಇಲ್ಲೊಂದು ಮೋಸವಿದೆ. ಹೊಳೆಹೊನ್ನೂರು 6ನೇ ವಾರ ಬಿ.ಆರ್. ಪ್ರಾಜೆಕ್ಟಿನಲ್ಲಿ, 7ನೇ ವಾರ ಶಂಕರಘಟ್ಟದಲ್ಲಿ ಆಡುತ್ತದೆ. 1ನೇ ವಾರ ತನ್ನೂರಿಗೆ ಬಂದಿದ್ದ ಶಿವಮೊಗ್ಗದವರ ಊರಿಗೆ 8ನೇ ವಾರ ಹೋಗಬೇಕು. ಸಾಲಾಗಿ ಮೂರು ವಾರ ಪರಊರು! ಅದೇ ಮೂರು ವಾರ ಚನ್ನಗಿರಿಯವರು ಮನೆಬಿಟ್ಟು ಕದಲುವುದಿಲ್ಲ. ಒಂದೊಂದು ಸುತ್ತನ್ನೂ ಬೇರೆಬೇರೆಯಾಗಿ ನೋಡಿದರೆ ದೋಷ ಕಾಣುವುದಿಲ್ಲ; ಎರಡು ಸುತ್ತು ಸೇರುವ ಕಡೆಯಲ್ಲೇ ಅದು ಕೂತಿದೆ. ಒಟ್ಟು 18 ಸಲ ಸರದಿ ತಪ್ಪುತ್ತದೆ, ಅದೂ ಶಂಕರಘಟ್ಟ, ಬಿ.ಆರ್. ಪ್ರಾಜೆಕ್ಟುಗಳಿಗೆ ಒಮ್ಮೆಯೂ ಇಲ್ಲ, ಉಳಿದವರಿಗೆ ಮೂರು ಮೂರು ಸಲ. ಪಟ್ಟಿ ಮಾಡಿದವರು ಶಂಕರಘಟ್ಟದವರೇ ಆಗಿದ್ದರೆ ಮಾತು ಎಲ್ಲಿಗೆ ಹೋದೀತೋ!

ಪರಿಹಾರಕ್ಕೆ ಒಂದೇ ಒಂದು ಸಾಲನ್ನು ಸರಿಸಿದರೆ ಸಾಕು. ಎರಡನೆಯ ಸುತ್ತನ್ನು 2ನೇ ವಾರದ ಪಂದ್ಯಗಳಿಂದ ಆರಂಭಿಸಿ, 7ರವರೆಗೆ ಕ್ರಮವಾಗಿ ನಡೆಸಿ, 1ನೇ ವಾರದ ಮರುಪಂದ್ಯಗಳನ್ನು ಕೊನೆಯ ಭಾನುವಾರಕ್ಕೆ ಇಡಿ. ಹೊಳೆಹೊನ್ನೂರು 8ನೇ ವಾರ ತನ್ನೂರಲ್ಲೇ ಲಕ್ಕವಳ್ಳಿಯೊಡನೆ ಆಡುತ್ತದೆ. ಯಾರಿಗೂ ಸಾಲಾಗಿ ಮೂರು ವಾರ ಒಂದೇ ಕಡೆ ಬರುವುದಿಲ್ಲ. ಒಟ್ಟು ತಪ್ಪು 16ಕ್ಕೆ ಇಳಿಯುತ್ತದೆ, ಅದೂ ಎಂಟು ತಂಡಕ್ಕೂ ತಲಾ ಎರಡು: ಒಮ್ಮೆ ಸತತ ಎರಡು ವಾರ ತವರು, ಒಮ್ಮೆ ಸತತ ಎರಡು ವಾರ ಪರಊರು. ಪೆನ್ಸಿಲ್ ಹಿಡಿದು ನೀವೇ ಎಣಿಸಿ ನೋಡಬಹುದು. ಶಂಕರಘಟ್ಟ ಮತ್ತು ಬಿ.ಆರ್. ಪ್ರಾಜೆಕ್ಟ್ ಒಂದೇ ಮೈದಾನದಲ್ಲಿ ಮೊದಲ ಭಾನುವಾರವೂ ಕೊನೆಯ ಭಾನುವಾರವೂ ಎದುರಾಗುವುದು ಮೇಲಿನ ಲಾಭ. ನೆರೆಹೊರೆಯವರ ಪಂದ್ಯಕ್ಕೆ ಜನ ಸೇರಿಯೇ ಸೇರುತ್ತಾರೆ.

ಎಷ್ಟೇ ಚೆನ್ನಾದ ಪಟ್ಟಿಯೂ ಊರಿನ ಆಗುಹೋಗುಗಳ ಮುಂದೆ ನಿಲ್ಲದಿರಬಹುದು. 2018ರಲ್ಲಿ ಕಾವೇರಿ ಚಳವಳಿಯ ಕಾರಣದಿಂದ ಚೆನ್ನೈ ತಂಡ ತವರಿನಲ್ಲಿ ಒಂದೇ ಪಂದ್ಯ ಆಡಿ, ಉಳಿದ ತವರಿನ ಪಂದ್ಯಗಳಿಗೆ ಪುಣೆಗೆ ಹೋಗಬೇಕಾಯಿತು. ಅಲ್ಲಿ ಬದಲಾದದ್ದು ಊರು; ಎದುರಾಳಿಯ ಕ್ರಮ ಹಾಗೆಯೇ ಉಳಿಯಿತು. ನಮ್ಮಲ್ಲೂ ಅಷ್ಟೆ, ಮೈದಾನ ಸಿಗದಿದ್ದರೆ ಆ ಒಂದು ಪಂದ್ಯವನ್ನು ಬೇರೆ ಊರಿಗೆ ಒಯ್ಯಿರಿ. ಅಕಾಲದ ಮಳೆಗೆ ಇಡೀ ಭಾನುವಾರವೇ ಕೊಚ್ಚಿಹೋದರೆ ಪಟ್ಟಿಯ ನಡುವೆ ತುರುಕಲು ಹೋಗಬೇಡಿ. ಬಾಕಿ ಪಂದ್ಯಗಳಿಗಾಗಿ 7ನೇ ವಾರದ ನಂತರ ಒಂದು, 14ನೆಯದರ ನಂತರ ಒಂದು ಭಾನುವಾರ ಖಾಲಿ ಬಿಟ್ಟಿರಿ. ಒಂಬತ್ತನೆಯ ಊರಿನವರು ಬಂದು ನಮ್ಮನ್ನೂ ಸೇರಿಸಿಕೊಳ್ಳಿ ಎಂದರೆ, ಹತ್ತನೆಯವರನ್ನೂ ಕರೆತನ್ನಿ ಎನ್ನುವ ಮುನ್ನ ಲೆಕ್ಕ ಹಾಕಿ. ಹತ್ತು ತಂಡಕ್ಕೆ 90 ಪಂದ್ಯ, 18 ಭಾನುವಾರ. 2022ರಲ್ಲಿ ಹತ್ತು ತಂಡಗಳಾದಾಗ ಐಪಿಎಲ್‌ನವರೂ ತಂಡಕ್ಕೆ 14 ಪಂದ್ಯವನ್ನೇ ಉಳಿಸಿಕೊಂಡು, ಎಲ್ಲರೂ ಎಲ್ಲರೊಡನೆ ಎರಡು ಸಲ ಆಡುವುದನ್ನು ಕೈಬಿಟ್ಟರು.