ಹೊಲದ ಫೋಟೊ ಮಗನ ಫೋನ್‌ಗೆ ತಡವಾಗಿ ಬಂದರೆ ಫೋನ್ ಹ್ಯಾಕ್ ಆಗಿದೆಯೇ?

ಅಫಜಲಪುರ ತಾಲೂಕಿನ ಹೊಲದಲ್ಲಿ ಅಪ್ಪ ಮಳೆಗೆ ಹಾಳಾದ ತೊಗರಿಯ 10 ಫೋಟೊ ತೆಗೆದರು ಅಂದುಕೊಳ್ಳಿ. ಕಲಬುರಗಿಯಲ್ಲಿರುವ ಮಗನ ಫೋನ್‌ನಲ್ಲೂ ಅದೇ ಗೂಗಲ್ ಫೋಟೋಸ್ ಖಾತೆ ಇದೆ. ಬೆಳೆ ವಿಮೆಗೆ 72 ಗಂಟೆಯೊಳಗೆ ಹಾನಿ ತಿಳಿಸಬೇಕು. ಆದರೆ ಅರ್ಧ ಗಂಟೆಯಾದರೂ ಮಗನಿಗೆ ಒಂದೂ ಫೋಟೊ ಕಾಣುತ್ತಿಲ್ಲ. ‘ನಡುವೆ ಯಾರೋ ಹಿಡಿದಿಟ್ಟಿದ್ದಾರೆ, ಫೋನ್ ಹ್ಯಾಕ್ ಆಗಿದೆ’ ಎಂಬ ಅನುಮಾನ ಹುಟ್ಟುವುದೇ ಇಲ್ಲಿ. ತಡವಾಗುವುದೊಂದೇ ಹ್ಯಾಕ್‌ನ ಲಕ್ಷಣವಲ್ಲ.

ಫೋಟೊ ಒಂದು ಫೋನ್‌ನಿಂದ ಇನ್ನೊಂದಕ್ಕೆ ನೇರವಾಗಿ ಹಾರುವುದಿಲ್ಲ. ಮೊದಲು ಅಪ್ಪನ ಫೋನ್‌ನಿಂದ ಕಂಪನಿಯ ಸರ್ವರ್‌ಗೆ ಏರಬೇಕು, ಆಮೇಲೆ ಅಲ್ಲಿಂದ ಮಗನ ಫೋನ್‌ಗೆ ಇಳಿಯಬೇಕು. ಸರ್ವರ್ ಎಷ್ಟು ದೂರವಿದೆ ಎಂಬುದು ಇಲ್ಲಿ ಮುಖ್ಯವಲ್ಲ. ಕೇಬಲ್‌ನಲ್ಲಿ ಬೆಳಕು ಸಾವಿರ ಕಿ.ಮೀ. ದಾಟಲು ಸೆಕೆಂಡಿನ 200ನೇ ಒಂದು ಭಾಗ ಸಾಕು.

ಏರುವಾಗಿನ ತಡ

ಒಂದು ಫೋಟೊ 4 ಎಂಬಿ ಇದ್ದರೆ 10 ಫೋಟೊ 40 ಎಂಬಿ, ಅಂದರೆ 320 ಮೆಗಾಬಿಟ್. ಟವರ್ ದೂರವಿರುವ ಹೊಲದಲ್ಲಿ ಅಪ್‌ಲೋಡ್ ವೇಗ ಸೆಕೆಂಡಿಗೆ ಅರ್ಧ ಮೆಗಾಬಿಟ್ ಸಿಕ್ಕರೆ 640 ಸೆಕೆಂಡ್, ಅಂದರೆ ಸುಮಾರು 11 ನಿಮಿಷ ಬೇಕು. ವಿಡಿಯೊ ಚೆನ್ನಾಗಿ ಓಡುತ್ತಿದೆಯಲ್ಲ ಎನ್ನಬಹುದು. ಅದು ಡೌನ್‌ಲೋಡ್. ಟವರ್‌ಗೆ ಹೋಲಿಸಿದರೆ ಫೋನ್‌ನ ಸಿಗ್ನಲ್ ಶಕ್ತಿ ತೀರಾ ಕಡಿಮೆ, ಹಾಗಾಗಿ ಕಳಿಸುವ ವೇಗ ಮೊದಲು ಕುಸಿಯುತ್ತದೆ. ಇನ್ನು ಮೊಬೈಲ್ ಡೇಟಾದಲ್ಲಿ ಬ್ಯಾಕಪ್ ಮಾಡಲು ಅನುಮತಿ ಕೊಟ್ಟಿರದಿದ್ದರೆ, ವೈಫೈ ಸಿಗುವವರೆಗೂ ಫೋಟೊ ಏರುವುದೇ ಇಲ್ಲ.

ಇಳಿಯುವಾಗಿನ ತಡ

ಮಗನ ಫೋನ್ ಮೇಜಿನ ಮೇಲೆ ಸುಮ್ಮನೆ ಬಿದ್ದಿರಬಹುದು. 2015ರ ಆಂಡ್ರಾಯ್ಡ್ 6ರಿಂದ, ಬಳಸದೆ ಇಟ್ಟ ಫೋನ್ ಬ್ಯಾಟರಿ ಉಳಿಸಲು ನಿದ್ದೆಗೆ ಜಾರುತ್ತದೆ. ಆಗ ಆ್ಯಪ್‌ಗಳಿಗೆ ಇಂಟರ್‌ನೆಟ್ ಸಿಗುವುದು ನಡುನಡುವೆ ಸ್ವಲ್ಪ ಹೊತ್ತು ಮಾತ್ರ. ಕರೆ, ಚಾಟ್ ಸಂದೇಶದಂಥ ತುರ್ತಿನವು ಫೋನನ್ನು ಎಬ್ಬಿಸಬಲ್ಲವು. ಉಳಿದ ಸಿಂಕ್ ಸರದಿಗೆ ಕಾಯುತ್ತದೆ. ಅದಕ್ಕೇ ವಾಟ್ಸ್‌ಆ್ಯಪ್ ಸಂದೇಶ ತಕ್ಷಣ ಬಂದರೂ ಫೋಟೊ ಬಂದಿರುವುದಿಲ್ಲ.

ಎಲ್ಲಿ ನಿಂತಿದೆ ಎಂದು ತಿಳಿಯುವುದು ಹೇಗೆ?

ಅಪ್ಪನ ಫೋನ್‌ನಲ್ಲಿ ಗೂಗಲ್ ಫೋಟೋಸ್ ತೆರೆದು, ಮೇಲಿನ ಬಲಮೂಲೆಯ ಪ್ರೊಫೈಲ್ ಚಿತ್ರ ಒತ್ತಿ. ಬ್ಯಾಕಪ್ ಇನ್ನೂ ಬಾಕಿ ಎಂದಿದ್ದರೆ ತೊಂದರೆ ಹೊಲದ ಕಡೆಯದು: ಸಿಗ್ನಲ್ ಇರುವ ಜಾಗಕ್ಕೆ ಬಂದು, ಮೊಬೈಲ್ ಡೇಟಾ ಬ್ಯಾಕಪ್ ಆನ್ ಮಾಡಿ. ಮುಗಿದಿದೆ ಎಂದಿದ್ದರೆ ಮಗ ತನ್ನ ಫೋನ್‌ನಲ್ಲಿ ಆ್ಯಪ್ ತೆರೆದು ಕೆಳಕ್ಕೆ ಎಳೆದರೆ ಸಾಕು.

ಬ್ಯಾಕಪ್ ಮುಗಿಯುವ ಮೊದಲು ಅಪ್ಪನ ಫೋನ್‌ನಿಂದ ಫೋಟೊ ಅಳಿಸಬೇಡಿ. ಅಲ್ಲಿಯವರೆಗೆ ಇರುವುದು ಅದೊಂದೇ ಪ್ರತಿ. ಮುಗಿದ ಮೇಲೂ ಆ ಆ್ಯಪ್‌ನಲ್ಲಿ ಡಿಲೀಟ್ ಒತ್ತಿದರೆ ಆ ಬದಲಾವಣೆಯೂ ಸಿಂಕ್ ಆಗಿ, ಮಗನ ಕಡೆಯೂ ಫೋಟೊ ಹೋಗುತ್ತದೆ.